ಅಮ್ಮ ಅಮೆರಿಕಕ್ಕೆ ಹೊರಟಿದ್ದಾರೆ, ರಾತ್ರಿ 10ರ ಇನ್ಸುಲಿನ್ ಯಾವ ಊರಿನ 10 ಗಂಟೆಗೆ?

ಹೇಮಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ. ಅಮ್ಮನಿಗೆ 64 ವರ್ಷ, ಟೈಪ್ 2 ಶುಗರ್, ಇನ್ಸುಲಿನ್ ಶುರುವಾಗಿ ತುಂಬಾ ವರ್ಷ ಆಯ್ತು. ದಿನಾ ರಾತ್ರಿ 10ಕ್ಕೆ ಗ್ಲಾರ್ಜಿನ್ 20 ಯೂನಿಟ್, ಮೂರು ಹೊತ್ತು ಊಟಕ್ಕೆ ಮೊದಲು ಇನ್ನೊಂದು ಪೆನ್ನಲ್ಲಿ 6, 8, 8. ಜೂನಲ್ಲಿ ತಂಗಿ ಮನೆಗೆ ನ್ಯೂಜೆರ್ಸಿಗೆ ಹೋಗ್ತಾರೆ, ಮೂರು ತಿಂಗಳು. ಬೆಂಗಳೂರಿಂದ ಬೆಳಗಿನ ಜಾವ 4ಕ್ಕೆ ವಿಮಾನ, ಗಲ್ಫಲ್ಲಿ ಎರಡು ಗಂಟೆ ಕಾಯಬೇಕು, ಆಮೇಲೆ 14 ಗಂಟೆ ಒಂದೇ ಸಮನೆ ಹಾರಾಟ. ಅಲ್ಲಿ ಇಳಿಯೋದು ಅದೇ ದಿನ ಮಧ್ಯಾಹ್ನ ಎರಡೂವರೆಗೆ.

ನಾವು ತೋರಿಸೋ ಡಾಕ್ಟ್ರನ್ನ ಕೇಳಿದೆ. ಹೊರಗೆ ನಲವತ್ತು ಜನ ಕಾಯ್ತಿದ್ರು. "ಅಲ್ಲಿಗೆ ಹೋದ್ಮೇಲೆ ಅಲ್ಲಿನ ರಾತ್ರಿ 10ಕ್ಕೆ ತಗೊಳ್ಳಲಿ" ಅಂತ ಒಂದೇ ಮಾತಲ್ಲಿ ಮುಗಿಸಿದ್ರು. ಮನೆಗೆ ಬಂದು ಬೆರಳು ಮಡಚಿ ಲೆಕ್ಕ ಹಾಕಿದ್ರೆ ಒಂದು ಡೋಸಿಂದ ಇನ್ನೊಂದಕ್ಕೆ ಮೂವತ್ತಮೂರೂವರೆ ಗಂಟೆ ಆಗುತ್ತೆ! ಇದು ಸರಿನಾ? ಹೋಗಿ ಬಂದವರು ಯಾರಾದ್ರೂ ಇದ್ರೆ ಹೇಳಿ.

ಚನ್ನರಾಯಪಟ್ಟಣ ಎಕ್ಸ್‌ಪ್ರೆಸ್:
ತಲೆ ಕೆಡಿಸ್ಕೋಬೇಡಿ ಸಾರ್. ವಿಮಾನ ಹತ್ತಿದ ತಕ್ಷಣ ಗಡಿಯಾರನ ಅಲ್ಲಿನ ಟೈಮಿಗೆ ತಿರುಗಿಸಿ, ಎಲ್ಲಾ ಅದರ ಪ್ರಕಾರ. ನಮ್ಮಪ್ಪ ಹಾಗೇ ಮಾಡಿದ್ದು, ಏನೂ ಆಗಲಿಲ್ಲ. ಅಂದಹಾಗೆ ವ್ಯತ್ಯಾಸ ಹತ್ತೂವರೆ ಗಂಟೆ, ನೀವು ಲೆಕ್ಕ ತಪ್ಪಿದ್ದೀರಿ.

ಬಾಬಾಬುಡನ್ ಗಾಳಿ:
ಹಾಸನದಲ್ಲೇ ವಿಮಾನ ನಿಲ್ದಾಣ ಆಗಿದ್ದಿದ್ರೆ ಅರ್ಧ ತಾಪತ್ರಯ ತಪ್ತಿತ್ತು. ನಮ್ಮ ಮೊಮ್ಮಕ್ಕಳ ಕಾಲಕ್ಕೆ ನೋಡೋಣ.

ಮೂಡಿಗೆರೆ ಟೈಪ್ ಒನ್:
@ಎಕ್ಸ್‌ಪ್ರೆಸ್, ಹತ್ತೂವರೆ ಚಳಿಗಾಲದ ಲೆಕ್ಕ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡ್ತಾರೆ. ಜೂನಲ್ಲಿ ಒಂಬತ್ತೂವರೆ. ದಂಡೆಯವರ ಲೆಕ್ಕ ಸರಿಯಾಗಿದೆ.

ನನಗೆ ಹದಿನಾರನೇ ವಯಸ್ಸಿಂದ ಟೈಪ್ 1. ಕಾಫಿ ರಫ್ತಿನ ಕೆಲಸ, ಹೊರದೇಶಕ್ಕೆ ಓಡಾಟ ಇದ್ದೇ ಇರುತ್ತೆ. ನಿಮ್ಮ ಅಮ್ಮನ ಎರಡು ಪೆನ್ನನ್ನ ಮೊದಲು ಬೇರೆ ಬೇರೆ ಮಾಡಿ ಯೋಚನೆ ಮಾಡಿ. ಊಟದ ಪೆನ್ನಿಗೂ ಗಡಿಯಾರಕ್ಕೂ ಸಂಬಂಧ ಇಲ್ಲ. ಊಟ ಬಂದ್ರೆ ಹಾಕ್ಕೋಬೇಕು, ಇಲ್ಲಾಂದ್ರೆ ಬೇಡ. ಪ್ರಯಾಣದ ದಿನ 24 ಗಂಟೆಯದ್ದಲ್ಲ, ಮೂವತ್ತು ದಾಟುತ್ತೆ, ಹಾಗಾಗಿ ನಾಲ್ಕನೇ ಊಟ ಆಗಬಹುದು, ನಾಲ್ಕನೇ ಸಲ ಹಾಕ್ಕೊಳ್ಳಬಹುದು. ಎರಡು ಡೋಸ್ ಮಧ್ಯೆ ನಾಲ್ಕು ಗಂಟೆ ಅಂತರ ಇದ್ರೆ ಸಾಕು. ಒಂದರ ಮೇಲೊಂದು ಪೇರಿಸಿದ್ರೆ ಮಾತ್ರ ಶುಗರ್ ಲೋ ಆಗೋ ಅಪಾಯ.

ತಲೆನೋವು ಗ್ಲಾರ್ಜಿನ್‌ದು. ಅದು ಹೆಚ್ಚು ಕಡಿಮೆ ಒಂದು ದಿನ ಹಿಡಿಯುತ್ತೆ, ಕೆಲವರಿಗೆ ಅದಕ್ಕಿಂತ ಮೊದಲೇ ಇಳಿಯುತ್ತೆ. ಇಲ್ಲಿ ರಾತ್ರಿ 10ಕ್ಕೆ ಹಾಕ್ಕೊಂಡ್ರೆ ಮಾರನೇ ದಿನ ಇಲ್ಲಿನ ರಾತ್ರಿ 10ಕ್ಕೆ, ಅಂದ್ರೆ ಅಲ್ಲಿನ ಮಧ್ಯಾಹ್ನ ಹನ್ನೆರಡೂವರೆಗೆ ಮುಗೀತು. ಅಲ್ಲಿನ ರಾತ್ರಿ 10ರವರೆಗೆ ಕಾದ್ರೆ ಒಂಬತ್ತೂವರೆ ಗಂಟೆ ಖಾಲಿ. ಟೈಪ್ 2ರಲ್ಲಿ ಆ ಹೊತ್ತಲ್ಲಿ ಶುಗರ್ ಏರುತ್ತೆ, ಸುಸ್ತು, ಬಾಯಾರಿಕೆ, ಅಷ್ಟಕ್ಕೆ ನಿಲ್ಲಬಹುದು. ನನ್ನಂಥವನಿಗೆ ಅಷ್ಟು ಹೊತ್ತು ಖಾಲಿ ಬಿಟ್ರೆ ಕೀಟೋನ್ ಶುರುವಾಗಿ ವಾಂತಿ, ಆಸ್ಪತ್ರೆ. ಆದ್ದರಿಂದ "ಏನೂ ಆಗಲಿಲ್ಲ" ಅಂತ ಎಲ್ಲರಿಗೂ ಹೇಳೋಕೆ ಬರಲ್ಲ.

ಚನ್ನರಾಯಪಟ್ಟಣ ಎಕ್ಸ್‌ಪ್ರೆಸ್:
ಸರಿ ಒಪ್ಪಿದೆ, ಬೇಸಿಗೆ ಟೈಮ್ ಮರೆತಿದ್ದೆ. ನಮ್ಮಪ್ಪನದು ಬರೀ ಮಾತ್ರೆ ಅಂತ ಈಗ ಅಮ್ಮ ಹೇಳ್ತಿದ್ದಾರೆ 😅

ನಿವೃತ್ತ ಸಿಸ್ಟರ್:
ಹಾಸನದಲ್ಲೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಮೂಡಿಗೆರೆಯವರು ಹೇಳಿದ್ದು ಸರಿ. ದಂಡೆಯವರೇ, ನಿಮ್ಮ ಮುಂದೆ ಎರಡು ದಾರಿ ಇದೆ.

ಒಂದು, ಏನೂ ಬದಲಾಯಿಸದೆ ಭಾರತದ ಗಡಿಯಾರಕ್ಕೇ ಗ್ಲಾರ್ಜಿನ್ ಮುಂದುವರಿಸೋದು. ಅಲ್ಲಿ ಅದು ಮಧ್ಯಾಹ್ನ ಹನ್ನೆರಡೂವರೆ ಆಗುತ್ತೆ. ಊಟದ ಹೊತ್ತೇ ಆದ್ದರಿಂದ ಮರೆಯೋ ಭಯ ಕಡಿಮೆ. ಮೂರು ತಿಂಗಳೂ ಹಾಗೇ ಇಟ್ಟುಕೊಂಡರೂ ಅಡ್ಡಿಯಿಲ್ಲ. ರಾತ್ರಿಗೇ ಬೇಕು ಅಂದ್ರೆ ದಿನಕ್ಕೆ ಎರಡು ಗಂಟೆ ತಡ ಮಾಡುತ್ತಾ ಹೋಗಿ, ಐದು ದಿನದಲ್ಲಿ 10 ಗಂಟೆಗೆ ಬಂದು ನಿಲ್ಲುತ್ತೆ.

ಇನ್ನೊಂದು, ಖಾಲಿ ಬೀಳೋ ಒಂಬತ್ತೂವರೆ ಗಂಟೆಗೆ ಮಾತ್ರ ಒಂದು ಸಣ್ಣ ಡೋಸ್ ಕೊಟ್ಟು, ಅಲ್ಲಿನ ರಾತ್ರಿ 10ಕ್ಕೆ ಪೂರ್ತಿ ಡೋಸ್ ಕೊಡೋದು. 24 ಗಂಟೆಗೆ 20 ಯೂನಿಟ್ ಅಂದ್ರೆ ಒಂಬತ್ತೂವರೆ ಗಂಟೆಗೆ ಸುಮಾರು 8. ಎಷ್ಟು ಅನ್ನೋದನ್ನ ನಿಮ್ಮ ಡಾಕ್ಟ್ರೇ ಬರೆದುಕೊಡಬೇಕು, ವಯಸ್ಸಾದವರಿಗೆ, ಕಿಡ್ನಿ ತೊಂದರೆ ಇರೋರಿಗೆ ಇನ್ನೂ ಕಡಿಮೆ ಮಾಡ್ತಾರೆ. ಆದ್ರೆ ಈ ಲೆಕ್ಕ ಒಂದು ಚೀಟಿಯಲ್ಲಿ ಬರ್ಕೊಂಡು ಹೋದ್ರೆ ಅವರೂ ಐದು ನಿಮಿಷ ಕೊಡ್ತಾರೆ. ಬರೀ "ಏನ್ ಮಾಡ್ಲಿ ಸಾರ್" ಅಂದ್ರೆ ಒಂದೇ ಮಾತಿನ ಉತ್ತರ ಬರೋದು.

ಅರಸೀಕೆರೆ ತೆಂಗು:
ನಮ್ಮ ತಂದೆ ಆಸ್ಟ್ರೇಲಿಯಾಕ್ಕೆ ಹೋಗ್ತಿದ್ದಾರೆ. ಅವರದು 30/70, ಬೆಳಗ್ಗೆ 24 ರಾತ್ರಿ 16, ಬಾಟ್ಲಿಯಿಂದ ಸಿರಿಂಜಲ್ಲಿ ಎಳೆದು ಹಾಕ್ತೀವಿ. ಅವರೂ ಈ ಎಂಟು ಯೂನಿಟ್ ಲೆಕ್ಕ ಮಾಡಬಹುದಾ?

ನಿವೃತ್ತ ಸಿಸ್ಟರ್:
ಬೇಡ ಬೇಡ. ಈ ಲೆಕ್ಕ ಅದಕ್ಕೆ ಕೂರೋದೇ ಇಲ್ಲ. 30/70ಯಲ್ಲಿ ಬೇಗ ಕೆಲಸ ಮಾಡೋದೂ ನಿಧಾನಕ್ಕೆ ಕೆಲಸ ಮಾಡೋದೂ ಒಂದೇ ಬಾಟ್ಲಲ್ಲಿ ಬೆರೆತಿರುತ್ತೆ. ಒಂದನ್ನ ಹಿಡಿದು ಇನ್ನೊಂದನ್ನ ಬಿಡೋಕಾಗಲ್ಲ. ಊಟ ಮಾಡದೆ ಹಾಕಿದ್ರೆ ಲೋ ಆಗೋದು ಖಂಡಿತ. ನೀವು ಹೋಗ್ತಿರೋದು ಪೂರ್ವಕ್ಕೆ, ದಿನ ಉದ್ದ ಆಗಲ್ಲ, ಚಿಕ್ಕದಾಗುತ್ತೆ. ಜೂನಲ್ಲಿ ಸಿಡ್ನಿ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಇಲ್ಲಿ ಬೆಳಗ್ಗೆ ಹಾಕಿಕೊಂಡು ಅಲ್ಲಿನ ಗಡಿಯಾರದ ರಾತ್ರಿ ಊಟಕ್ಕೆ ಹಾಕಿದ್ರೆ, ನಡುವಿನ 12 ಗಂಟೆ ಏಳೂವರೆಗೆ ಇಳಿಯುತ್ತೆ. ಮೊದಲಿನದು ಇನ್ನೂ ಮೈಯಲ್ಲಿರುವಾಗ ಎರಡನೆಯದು ಸೇರ್ಕೊಳ್ಳುತ್ತೆ. ಹಾಗಾಗಿ ಆ ಎರಡನೇ ಡೋಸನ್ನ ಇಳಿಸಬೇಕು. ಎಷ್ಟು ಅಂತ ನಾನು ಇಲ್ಲಿ ಬರೆಯಲ್ಲ. ಕೆಲವು ಡಾಕ್ಟ್ರು ಪ್ರಯಾಣದ ದಿನಕ್ಕೆ ಮಿಕ್ಸ್ ನಿಲ್ಲಿಸಿ ಊಟಕ್ಕೆ ಮಾತ್ರ ಬೇರೆ ಇನ್ಸುಲಿನ್ ಕೊಡ್ತಾರೆ, ಅದನ್ನೂ ಕೇಳಿ.

ಮೂಡಿಗೆರೆ ಟೈಪ್ ಒನ್:
@ಅರಸೀಕೆರೆ, ಬಾಟ್ಲಿ ಅಂದ್ರಲ್ಲಾ, ಒಂದು ನಿಮಿಷ. ಈಗಲೇ ಎದ್ದು ಹೋಗಿ ಬಾಟ್ಲಿ ಮೇಲೆ ಏನು ಬರೆದಿದೆ ನೋಡಿ. ನಮ್ಮಲ್ಲಿ ಮಾಮೂಲಿ ಸಿಗೋದು 40 IU/ml. ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜು. ಹೊರದೇಶದಲ್ಲಿ ಸಿಗೋದು 100 IU/ml, ಅದರ ಸಿರಿಂಜಿಗೆ ಕಿತ್ತಳೆ ಕ್ಯಾಪು. ಅಲ್ಲಿ ಇನ್ಸುಲಿನ್ ಖಾಲಿಯಾಗಿ ಹೊಸ ಬಾಟ್ಲಿ ತಂದು, ಇಲ್ಲಿಂದ ಒಯ್ದ ಕೆಂಪು ಸಿರಿಂಜಲ್ಲೇ 16ರ ಗೆರೆಗೆ ಎಳೆದ್ರೆ ಒಳಗೆ ಹೋಗೋದು 40 ಯೂನಿಟ್. ಎರಡೂವರೆ ಪಟ್ಟು! ಉಲ್ಟಾ ಆದ್ರೆ, ಅಂದ್ರೆ ಇಲ್ಲಿನ ಬಾಟ್ಲಿಗೆ ಅಲ್ಲಿನ ಸಿರಿಂಜು ಹಾಕಿದ್ರೆ, ಅರ್ಧಕ್ಕಿಂತ ಕಡಿಮೆ ಹೋಗುತ್ತೆ, ಶುಗರ್ ಯಾಕೆ ಇಳೀತಿಲ್ಲ ಅಂತ ವಾರಗಟ್ಟಲೆ ಒದ್ದಾಡ್ತೀರಿ. ಬಾಟ್ಲಿ, ಸಿರಿಂಜು ಎರಡನ್ನೂ ಇಲ್ಲಿಂದಲೇ ಪೂರ್ತಿ ಒಯ್ಯಿರಿ. ಇಲ್ಲಾ ಪೆನ್ನಿಗೆ ಬದಲಾಯಿಸೋಕೆ ಡಾಕ್ಟ್ರಿಗೆ ಹೇಳಿ. ಪೆನ್ನುಗಳಲ್ಲಿ ಈ ಗೊಂದಲ ಇಲ್ಲ, ಯೂನಿಟ್ ತಿರುಗಿಸಿದ್ರೆ ಅಷ್ಟೇ ಬರುತ್ತೆ.

ಅರಸೀಕೆರೆ ತೆಂಗು:
ನೋಡಿದೆ. 40 ಅಂತಲೇ ಇದೆ, ಕೆಂಪು ಕ್ಯಾಪೇ. ಇಷ್ಟು ವರ್ಷ ಆ ಅಂಕಿ ಕಡೆ ನೋಡೇ ಇರಲಿಲ್ಲ.

ಹೊಳೆನರಸೀಪುರ ಬೆಲ್ಲ:
ಇನ್ಸುಲಿನ್ ಯಾಕೆ, ಹಾಗಲಕಾಯಿ ರಸ, ಮೆಂತ್ಯ ನೆನೆಸಿದ ನೀರು ಕುಡಿಸಿ. ನಮ್ಮ ದೊಡ್ಡಮ್ಮ ಎಲ್ಲಾ ಬಿಟ್ಟರು.

ನಿವೃತ್ತ ಸಿಸ್ಟರ್:
ಇಲ್ಲಿ ಕೇಳ್ತಿರೋದು ಅದಲ್ಲಪ್ಪ. ದಿನಕ್ಕೆ 42 ಯೂನಿಟ್ ತಗೊಳ್ಳೋರಿಗೆ ಪ್ರಯಾಣದ ಮುಂಚೆ ಇಂಥದ್ದು ಹೇಳಬೇಡಿ.

ಅರಕಲಗೂಡು ಅಳಿಯ:
ಊಟದ ಪೆನ್ನಿನ ವಿಷಯಕ್ಕೆ ಒಂದು ಮಾತು. ನಮ್ಮ ಮಾವ ದೂರದಲ್ಲಿ ಊಟದ ಗಾಡಿ ಕಂಡ ತಕ್ಷಣ ಅಂಗಿ ಎತ್ತಿ ಚುಚ್ಚಿಕೊಂಡ್ರು. ಗಾಡಿ ನಾಲ್ಕು ಸಾಲು ಹಿಂದೆ ಇತ್ತು. ಅಷ್ಟರಲ್ಲಿ ವಿಮಾನ ಕುಲುಕೋಕೆ ಶುರು. ಎಲ್ಲರೂ ಕೂತ್ಕೊಳ್ಳಿ, ಬೆಲ್ಟ್ ಹಾಕ್ಕೊಳ್ಳಿ ಅಂತ ಗಾಡಿನೇ ಹಿಂದಕ್ಕೆ ತಗೊಂಡು ಹೋದ್ರು. ಮುಕ್ಕಾಲು ಗಂಟೆ ಊಟ ಇಲ್ಲ. ಮಾವ ಬೆವೆತು, ಕೈ ನಡುಗಿ, ಮಾತು ತೊದಲೋಕೆ ಶುರು. ಅತ್ತೆ ಪುಣ್ಯಕ್ಕೆ ಚೀಲದಲ್ಲಿ ಸಕ್ಕರೆ ಪೊಟ್ಟಣ ಇತ್ತು.

ಮೂಡಿಗೆರೆ ಟೈಪ್ ಒನ್:
ಅದಕ್ಕೇ ತಟ್ಟೆ ಮುಂದೆ ಬಂದು, ಮುಚ್ಚಳ ತೆಗೆದು, ಒಳಗೆ ಏನಿದೆ ನೋಡಿದ್ಮೇಲೆ ಚುಚ್ಚಬೇಕು. ವಿಮಾನದಲ್ಲಿ ಇದೊಂದು ನಿಯಮ ಬಿಡಬಾರದು. ಮನೆಯಲ್ಲಿ ಹದಿನೈದು ನಿಮಿಷ ಮೊದಲು ಹಾಕ್ಕೊಳ್ಳೋ ಅಭ್ಯಾಸ ಇದ್ರೂ ಅಲ್ಲಿ ಬೇಡ. ಬೇಗ ಕೆಲಸ ಮಾಡೋ ಪೆನ್ನಾದ್ರೆ ಊಟ ಶುರು ಮಾಡಿದ್ಮೇಲೆ ಹಾಕಿದ್ರೂ ನಡೆಯುತ್ತೆ. ಶುಗರ್ ಒಂದಿಷ್ಟು ಮೇಲೆ ಹೋಗುತ್ತೆ, ಹೋಗಲಿ. ಆ ದಿನ 180, 200 ಇದ್ರೆ ಚಿಂತೆ ಬೇಡ, 60 ಆಗಬಾರದು ಅಷ್ಟೇ.

ಇನ್ನೊಂದು, ಟಿಕೆಟ್ ಬುಕ್ ಮಾಡುವಾಗ DBML ಅಂತ ಡಯಾಬಿಟಿಕ್ ಊಟ ಆರಿಸೋಕೆ ಆಗುತ್ತೆ. ನಾನು ಆರಿಸಲ್ಲ. ಎಷ್ಟೋ ಸಲ ಅದರಲ್ಲಿ ಅನ್ನ, ಬ್ರೆಡ್ ಇರೋದೇ ತೀರಾ ಕಡಿಮೆ. ಅಮ್ಮ ಮಾಮೂಲಿ 8 ಯೂನಿಟ್ ಹಾಕ್ಕೊಂಡು ಸೊಪ್ಪು ತಿಂದ್ರೆ ಲೋ ಆಗ್ತಾರೆ. ಸಸ್ಯಾಹಾರಿಗಳಾದ್ರೆ ಅದರಲ್ಲಿ ಮಾಂಸ ಇರೋ ಸಾಧ್ಯತೆನೂ ಇದೆ.

ಹೇಮಾವತಿ ದಂಡೆ:
ಎಲ್ಲರಿಗೂ ಧನ್ಯವಾದ. ಸಿಸ್ಟರ್ ಹೇಳಿದ ಎರಡನೇ ದಾರಿ ಗಂಟೆ ಗಂಟೆಗೆ ಹೇಗೆ ಅಂತ ಒಮ್ಮೆ ಯಾರಾದ್ರೂ ಬಿಡಿಸಿ ಹೇಳ್ತೀರಾ? ಚೀಟಿ ಮಾಡಿ ಡಾಕ್ಟ್ರ ಹತ್ರ ಒಯ್ತೀನಿ. ಲೋ ಆದ್ರೆ ಅಂತ ಕಡಲೆ ಮಿಠಾಯಿ, ಒಂದು ಬಾಟ್ಲಿ ಜ್ಯೂಸ್ ಇಡ್ತಿದ್ದೀನಿ.

ಮೂಡಿಗೆರೆ ಟೈಪ್ ಒನ್:
ಬಿಡಿಸ್ತೀನಿ. ಹಾಸನದಿಂದ ರಾತ್ರಿ 8ಕ್ಕೆ ಹೊರಡ್ತೀರಿ ಅಂತ ಇಟ್ಕೊಳ್ಳೋಣ. ಮನೆಯಲ್ಲೇ ಊಟ, 8 ಯೂನಿಟ್. ಕುಣಿಗಲ್ ಹತ್ರ ಬರುವಾಗ 10 ಆಗುತ್ತೆ, ಕಾರು ನಿಲ್ಲಿಸಿ ಗ್ಲಾರ್ಜಿನ್ 20. ಇದು ಎಂದಿನಂತೆ. ಮೊದಲ ವಿಮಾನದಲ್ಲಿ ನಮ್ಮ ಐದೂವರೆ ಹೊತ್ತಿಗೆ ತಿಂಡಿ ಕೊಡ್ತಾರೆ, ತಿಂದ್ರೆ 6, ನಿದ್ದೆ ಮಾಡಿದ್ರೆ ಸೊನ್ನೆ. ಎರಡನೇ ವಿಮಾನ ನಮ್ಮ 10 ಗಂಟೆಗೆ ಏರುತ್ತೆ, ಒಂದು ಒಂದೂವರೆ ಗಂಟೆಯಲ್ಲಿ ಊಟ, 8 ಯೂನಿಟ್. ಆಮೇಲೆ ದೀಪ ಆರಿಸ್ತಾರೆ, ಎಲ್ಲರೂ ಮಲಗ್ತಾರೆ. ಮಲಗೋ ಮೊದಲು ಒಂದು ಸಲ, ಎದ್ದ ಮೇಲೆ ಒಂದು ಸಲ ಬೆರಳು ಚುಚ್ಚಿ ನೋಡ್ಲಿ.

ಇಳಿಯೋಕೆ ಎರಡು ಗಂಟೆ ಮೊದಲು ಇನ್ನೊಂದು ಊಟ ಬರುತ್ತೆ. ಆಗ ಅಮ್ಮನ ಕೈಗಡಿಯಾರದಲ್ಲಿ ಭಾರತದ ರಾತ್ರಿ 10. ಗಡಿಯಾರ ತಿರುಗಿಸಲೇಬೇಡಿ ಅಂತ ನಾನು ಹೇಳೋದು ಇದಕ್ಕೇ. ಈಗ ಸಣ್ಣ ಗ್ಲಾರ್ಜಿನ್ 8, ಜೊತೆಗೆ ಊಟದ ಪೆನ್ನಲ್ಲಿ 8. ಎರಡು ಪೆನ್ನು ಒಟ್ಟಿಗೆ ಕೈಗೆ ಬರೋದು ಈ ಹೊತ್ತಲ್ಲೇ, ಅದೂ ನಿದ್ದೆಗಣ್ಣಲ್ಲಿ, ಅರೆಗತ್ತಲೆಯಲ್ಲಿ. ಗ್ಲಾರ್ಜಿನ್ ಪೆನ್ನಿಗೆ ಒಂದು ದಪ್ಪ ರಬ್ಬರ್ ಬ್ಯಾಂಡ್ ಸುತ್ತಿಡಿ. ಕಣ್ಣಿಗೆ ಕಾಣದಿದ್ರೂ ಬೆರಳಿಗೆ ಗೊತ್ತಾಗುತ್ತೆ. ಒಂದನ್ನ ಹಾಕಿ ಚೀಲದೊಳಗೆ ಇಟ್ಟ ಮೇಲೇ ಇನ್ನೊಂದನ್ನ ತೆಗೀಲಿ.

ಮಧ್ಯಾಹ್ನ ಎರಡೂವರೆಗೆ ಇಳಿದು, ಇಮಿಗ್ರೇಷನ್ ಸಾಲು ಮುಗಿಸಿ ಮನೆ ಸೇರಿ, ಅಲ್ಲಿನ ಏಳಕ್ಕೆ ಊಟ, 8. ರಾತ್ರಿ 10ಕ್ಕೆ ಪೂರ್ತಿ 20. ಕೂಡಿ ನೋಡಿ, ಕುಣಿಗಲ್ಲಿನ ಡೋಸಿಂದ ಅಲ್ಲಿನ ರಾತ್ರಿಗೆ ಮೂವತ್ತಮೂರೂವರೆ ಗಂಟೆ, ಅಷ್ಟಕ್ಕೆ ಬೇಕಾದದ್ದು 28, ಹೋಗಿದ್ದು 20 ಮತ್ತೆ 8. ವಾಪಸ್ ಬರುವಾಗ ಇದೇ ಲೆಕ್ಕ ತಿರುಗುತ್ತೆ. ಅಲ್ಲಿನ ರಾತ್ರಿ 10ರಿಂದ ಇಲ್ಲಿನ ರಾತ್ರಿ 10ಕ್ಕೆ ಹದಿನಾಲ್ಕೂವರೆ ಗಂಟೆ ಮಾತ್ರ. ಅವತ್ತು ಪೂರ್ತಿ 20 ಹಾಕಿದ್ರೆ ರಾತ್ರಿ ಲೋ ಆಗೋ ಭಯ. ಸುಮಾರು 12 ಸಾಕಾಗುತ್ತೆ. ಹೋಗೋದಕ್ಕಿಂತ ಬರೋದೇ ಹೆಚ್ಚು ಅಪಾಯ, ಯಾರೂ ಅದನ್ನ ಕೇಳಲ್ಲ.

ಕಡಲೆ ಮಿಠಾಯಿ ಲೋಗೆ ಆಗಲ್ಲ. ಕಡಲೆಯ ಎಣ್ಣೆ ಅಂಶ ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡುತ್ತೆ. ಜ್ಯೂಸ್ ಬಾಟ್ಲಿನ ಸೆಕ್ಯುರಿಟಿಯಲ್ಲಿ ಪ್ರಶ್ನೆ ಮಾಡ್ತಾರೆ, ತೆಗೆದು ಹಾಕಿದ್ರೂ ಹಾಕಬಹುದು. ಗ್ಲೂಕೋಸ್ ಪುಡಿ ಸಣ್ಣ ಪೊಟ್ಟಣಗಳಲ್ಲಿ ಇಡಿ. ಮೂರು ಚಮಚ, ನೀರಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡೋದು.

ಬಾಬಾಬುಡನ್ ಗಾಳಿ:
ಕುಣಿಗಲ್ಲಲ್ಲಿ ಗ್ಲಾರ್ಜಿನ್, ಯಡಿಯೂರಲ್ಲಿ ದೇವರಿಗೆ ಕೈ ಮುಗಿಯೋದು. ರೂಟ್ ಪಕ್ಕಾ ಆಯ್ತು.

ಜೆರ್ಸಿ ತಂಗಿ:
ಅಣ್ಣಾ, ಇದನ್ನೆಲ್ಲಾ ಇಲ್ಲಿ ಹಾಕಿದ್ದೀಯಾ! ನನಗೆ ಒಂದು ಮಾತು ಹೇಳಿಲ್ಲ. ನನಗೆ ಈ 8 ಯೂನಿಟ್ ಕಸರತ್ತು ಇಷ್ಟ ಆಗಲಿಲ್ಲ. ಅಮ್ಮ ಒಬ್ಬರೇ ಬರ್ತಿರೋದು. ಅರ್ಧ ನಿದ್ದೆಯಲ್ಲಿ ಇವತ್ತು 20 ಅಲ್ಲ 8, ಅದು ಈ ಪೆನ್ನು, ಇದು ಆ ಪೆನ್ನು ಅಂತ ಯಾರು ನೆನಪಿಸ್ತಾರೆ? ಸಿಸ್ಟರ್ ಹೇಳಿದ ಮೊದಲನೇ ದಾರಿನೇ ವಾಸಿ. ಭಾರತದ ರಾತ್ರಿ 10ಕ್ಕೆ ಎಂದಿನಂತೆ 20. ಇಲ್ಲಿ ಬಂದ್ಮೇಲೆ ದಿನಾ ಮಧ್ಯಾಹ್ನ ನಾನೇ ಕೊಡ್ತೀನಿ, ಮನೆಯಿಂದಲೇ ಕೆಲಸ.

ಮೂಡಿಗೆರೆ ಟೈಪ್ ಒನ್:
ಒಬ್ಬರೇ ಅಂತ ದಂಡೆಯವರು ಹೇಳಿರಲಿಲ್ಲ. ಹಾಗಾದ್ರೆ ನಿಮ್ಮ ಮಾತೇ ಸರಿ ಇರಬಹುದು. ಆದ್ರೆ ಒಂದು, ಮಧ್ಯಾಹ್ನ ಹನ್ನೆರಡೂವರೆ ಕೆಲವರಿಗೆ ಹೊಂದಲ್ಲ, ಮಾರನೇ ದಿನ ಬೆಳಗ್ಗೆ ಹನ್ನೊಂದಕ್ಕೇ ಹಳೇದು ಇಳಿದು ಶುಗರ್ ಏರೋದು ಕಾಣುತ್ತೆ. ನನಗಂತೂ ಎರಡನೇ ದಾರಿನೇ.

ನಿವೃತ್ತ ಸಿಸ್ಟರ್:
64 ವರ್ಷದವರಿಗೆ ಬೆಳಗ್ಗೆ ಒಂದಿಷ್ಟು ಏರಿದ್ರೆ ತೊಂದರೆಯಿಲ್ಲ. ನನ್ನ ಓಟು ತಂಗಿಗೆ. ಆದ್ರೆ ತಂಗಿ, ಮೊದಲ ನಾಲ್ಕೈದು ರಾತ್ರಿ ಅಮ್ಮ 3 ಗಂಟೆಗೆ ಎದ್ದು ಹಸಿವು ಅಂತಾರೆ, ದೇಹಕ್ಕೆ ಅದು ಮಧ್ಯಾಹ್ನ. ಎರಡು ಬಿಸ್ಕತ್ತು, ಹಾಲು ಆದ್ರೆ ಇನ್ಸುಲಿನ್ ಬೇಡ. ತಟ್ಟೆ ತುಂಬ ಅನ್ನ ಸಾರು ತಿಂದ್ರೆ ಅದು ಊಟವೇ, ಅದಕ್ಕೆ ಡೋಸ್ ಬೇಕು, ಬೆಳಗಿನ ತಿಂಡಿ ಆಮೇಲೆ ತಡವಾಗ್ಲಿ. ಆ ದಿನಗಳಲ್ಲಿ ಮಲಗೋ ಮುಂಚೆ ಚೆಕ್ ಮಾಡದೆ ಬಿಡಬೇಡಿ.

ಜೆರ್ಸಿ ತಂಗಿ:
ಸರಿ ಸಿಸ್ಟರ್. ಅಣ್ಣ ಪೆನ್ನುಗಳನ್ನ ದೊಡ್ಡ ಸೂಟ್‌ಕೇಸಿಗೆ ಹಾಕ್ತೀನಿ, ಐಸ್ ಪ್ಯಾಕ್ ಮಧ್ಯೆ ಇಟ್ಟು ಅಂತಿದ್ದಾನೆ. ದಯವಿಟ್ಟು ಯಾರಾದ್ರೂ ಬೈಯಿರಿ.

ಮೂಡಿಗೆರೆ ಟೈಪ್ ಒನ್:
ಬೈದೆ. ಎರಡು ತಪ್ಪು ಒಂದೇ ಸಲ. ಕೆಳಗಿನ ಲಗೇಜ್ ಜಾಗದಲ್ಲಿ ಹೆಪ್ಪುಗಟ್ಟೋಷ್ಟು ಚಳಿ ಆಗಬಹುದು, ಐಸ್ ಪ್ಯಾಕಿಗೆ ತಾಗಿದ್ರೆ ಅಲ್ಲೂ ಗಟ್ಟಿಯಾಗುತ್ತೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ನೋಡೋಕೆ ತಿಳಿಯಾಗಿದ್ರೂ ಕೆಲಸಕ್ಕೆ ಬರಲ್ಲ, ಎಸೀಬೇಕು. ಸೂಟ್‌ಕೇಸ್ ಬೇರೆ ಊರಿಗೆ ಹೋದ್ರಂತೂ ಮುಗೀತು. ಎಲ್ಲಾ ಕೈಚೀಲದಲ್ಲಿ. ಪೆನ್ನುಗಳನ್ನ ಟವೆಲ್ಲಲ್ಲಿ ಸುತ್ತಿ, ಆಮೇಲೆ ತಣ್ಣಗಿನ ಪ್ಯಾಕು. ಬಳಸ್ತಿರೋ ಪೆನ್ನಿಗೆ ತಂಪೇ ಬೇಡ, 30 ಡಿಗ್ರಿ ಒಳಗೆ 28 ದಿನ ಹೊರಗಿರುತ್ತೆ. ಚುಚ್ಚಿದ ಮೇಲೆ ಸೂಜಿ ತೆಗೆದುಬಿಡಿ. ಹಾಗೇ ಬಿಟ್ರೆ ಗಾಳಿಗುಳ್ಳೆ ಸೇರಿ ಮುಂದಿನ ಡೋಸ್ ಕಡಿಮೆ ಹೋಗುತ್ತೆ.

ಲೆಕ್ಕ ಹಾಕುವಾಗ ಪ್ರತಿ ಸಲ ಚುಚ್ಚೋ ಮೊದಲು ಹೊರಗೆ ಚಿಮ್ಮಿಸೋ 2 ಯೂನಿಟ್ ಮರೀಬೇಡಿ. ಊಟದ ಪೆನ್ನು ದಿನಕ್ಕೆ 22 ಅಂತ ಕಂಡ್ರೂ ಖರ್ಚಾಗೋದು 28. ತೊಂಬತ್ತು ದಿನಕ್ಕೆ 300 ಯೂನಿಟಿನ ಒಂಬತ್ತು ಪೆನ್ನು, ಗ್ಲಾರ್ಜಿನ್ ಏಳು. ಅದರ ಮೇಲೆ ಎರಡೆರಡು ಹೆಚ್ಚಿಗೆ ಇರಲಿ.

ನಿವೃತ್ತ ಸಿಸ್ಟರ್:
ಡಾಕ್ಟ್ರ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇಂಗ್ಲಿಷಲ್ಲಿ ಬರೆಸಿ. ಅಲ್ಲಿ ಇಲ್ಲಿನ ಬ್ರ್ಯಾಂಡ್ ಯಾರಿಗೂ ಗೊತ್ತಿರಲ್ಲ. ಸೂಜಿ ಒಯ್ಯೋದನ್ನೂ ಅದರಲ್ಲೇ ಸೇರಿಸಲಿ.

ಹೇಮಾವತಿ ದಂಡೆ:
ಚೀಟಿ ಹಿಡ್ಕೊಂಡು ಹೋಗಿದ್ದೆ. ಡಾಕ್ಟ್ರು ಓದಿ, ಅಮ್ಮ ಒಬ್ಬರೇ ಅಂತ ಗೊತ್ತಾದ ಮೇಲೆ ಮೊದಲನೇ ದಾರಿಗೆ ಟಿಕ್ ಹಾಕಿದ್ರು. ಆದ್ರೆ ವಿಮಾನದಲ್ಲಿ 20 ಬೇಡ, 16 ಸಾಕು, ಮಾರನೇ ದಿನದಿಂದ 20 ಅಂತ ಬರೆದಿದ್ದಾರೆ. ವಾಪಸ್ ಬರೋ ವಿಷಯಕ್ಕೆ ಆಗಸ್ಟಲ್ಲಿ ಫೋನ್ ಮಾಡಿ ಅಂದ್ರು. ತಂಗಿ ಗೆದ್ದಳು.

ಮೂಡಿಗೆರೆ ಟೈಪ್ ಒನ್:
16 ಯಾಕೆ ಅಂತ ಕೇಳಿದ್ರಾ?

ಹೇಮಾವತಿ ದಂಡೆ:
ಕೂತೇ ಇರ್ತಾರೆ, ಆದ್ರೆ ಊಟದ ಹೊತ್ತು ಹೆಚ್ಚು ಕಮ್ಮಿ ಆಗುತ್ತೆ, ಒಬ್ಬರೇ ಇದ್ದಾಗ ಲೋ ಆಗಬಾರದು ಅಂದ್ರು.

ಮೂಡಿಗೆರೆ ಟೈಪ್ ಒನ್:
ಕೂತೇ ಇದ್ರೆ ಶುಗರ್ ಏರಬೇಕು. ನಾನಾಗಿದ್ರೆ ಕಡಿಮೆ ಮಾಡ್ತಿರಲಿಲ್ಲ. ಆದ್ರೆ ಅಮ್ಮನ ರಿಪೋರ್ಟ್ ನೋಡಿರೋದು ಅವರು, ನಾನಲ್ಲ.

ಅರಸೀಕೆರೆ ತೆಂಗು:
ನಮ್ಮ ತಂದೆಗೆ ಪೆನ್ನಿಗೆ ಬದಲಾಯಿಸಿದ್ರು. ಈಗ ಅವರು ಬಾಟ್ಲಿನೇ ಬೇಕು, ಪೆನ್ನಲ್ಲಿ ಔಷಧ ಕಣ್ಣಿಗೆ ಕಾಣಲ್ಲ ಅಂತ ಹಟ ಹಿಡಿದಿದ್ದಾರೆ. 30/70 ಪೆನ್ನನ್ನೂ ಅಂಗೈಯಲ್ಲಿ ಉರುಳಿಸಬೇಕಾ?

ನಿವೃತ್ತ ಸಿಸ್ಟರ್:
ಹೌದು, ಬಿಳಿ ಒಂದೇ ಸಮ ಆಗೋವರೆಗೆ. ಜೋರಾಗಿ ಕುಲುಕೋದು ಬೇಡ. ಪಕ್ಕದಲ್ಲಿರೋ ಕಿಟಕಿಯಿಂದ ಔಷಧ ಕಾಣುತ್ತೆ, ಅಪ್ಪನಿಗೆ ಅದನ್ನ ತೋರಿಸಿ.